ಊಟದ ಪತ್ರಕ್ಕೆ ಎರಡೇ ಪ್ರಶ್ನೆ

ಕೊಚ್ಚಿಯ ಇನ್‌ಫೋಪಾರ್ಕಿನಲ್ಲೋ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೋ ತಂಡಕ್ಕೆ ಊಟ ಏರ್ಪಡಿಸುವವರು ಈಮೇಲಿನಲ್ಲಿ ‘ವೆಜ್ಜೋ ನಾನ್‌ವೆಜ್ಜೋ ತಿಳಿಸಿ’ ಎಂದಷ್ಟೇ ಕೇಳಿದರೆ ಸಾಲದು. ಕೇರಳದ ಹೋಟೆಲುಗಳಲ್ಲಿ ಮಾಂಸಾಹಾರವೆಂದರೆ ಮೀನು, ಕೋಳಿಯ ಜೊತೆಗೆ ಬೀಫೂ ಸಾಮಾನ್ಯ. ಮೀನು ಮಾತ್ರ ತಿನ್ನುವವರೂ ಬೀಫ್ ಮುಟ್ಟದವರೂ ಒಂದೇ ಪಟ್ಟಿಗೆ ಬಿದ್ದರೆ ಅಡುಗೆಯವರಿಗೆ ಹೇಳುವ ಲೆಕ್ಕ ತಪ್ಪುತ್ತದೆ. ನವೆಂಬರ್ ನಡುವಿನಲ್ಲಿ ಶಬರಿಮಲೆಯ 41 ದಿನಗಳ ಮಂಡಲಕಾಲ ಶುರುವಾಗುತ್ತದೆ. ಮಾಲೆ ಹಾಕಿದವರು ಆಗ ಸಸ್ಯಾಹಾರಿಗಳು. ಹಾಗಾಗಿ ಕಳೆದ ಬಾರಿಯ ಪಟ್ಟಿಯನ್ನು ನೆಚ್ಚಬೇಡಿ.

ಪತ್ರ ಇಷ್ಟೇ ಇರಲಿ: ‘ಶುಕ್ರವಾರ ಮಧ್ಯಾಹ್ನ 1ಕ್ಕೆ ತಂಡದ ಊಟ. 1. ಬರುತ್ತೀರಾ? 2. ಏನು ಬೇಕು? ಅ) ಸಸ್ಯಾಹಾರ ಆ) ಮೀನು ಇ) ಕೋಳಿ ಈ) ಬೀಫ್. ಆಗದ ಪದಾರ್ಥವಿದ್ದರೆ ಬರೆಯಿರಿ. ಮಂಗಳವಾರ ಸಂಜೆ 5ರೊಳಗೆ ನನಗೊಬ್ಬನಿಗೇ ಉತ್ತರಿಸಿ. ಉತ್ತರ ಬಾರದಿದ್ದರೆ ಬರುವುದಿಲ್ಲವೆಂದು ಎಣಿಸುತ್ತೇನೆ.’ ಕೊನೆಯ ವಾಕ್ಯ ಒರಟೆನಿಸಬಹುದು, ಆದರೆ ಅದಿಲ್ಲದಿದ್ದರೆ ಮೌನಕ್ಕೆ ಎರಡರ್ಥ ಉಳಿಯುತ್ತದೆ. ಊಟದ ಆಯ್ಕೆ ಕೇಳುವುದು ಜಾತಿ, ಧರ್ಮ ಕೆದಕಿದಂತಲ್ಲವೇ ಎಂಬ ಆಕ್ಷೇಪ ಹುರುಳಿಲ್ಲದ್ದಲ್ಲ. ಅದಕ್ಕೇ ಏನು ಬೇಕೆಂದು ಕೇಳಿ, ಏಕೆಂದು ಕೇಳಬೇಡಿ. ಉತ್ತರ ಎಲ್ಲರಿಗೂ ಹೋಗದಂತೆ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿ. ಎಲ್ಲರಿಗೂ ಸಸ್ಯಾಹಾರದ ‘ಸದ್ಯ’ ಊಟವನ್ನೇ ಬಡಿಸಿದರೆ ಈ ರಗಳೆಯೇ ಇಲ್ಲ ಎನ್ನುವವರಿದ್ದಾರೆ. ಓಣಂ ಸಮಯದಲ್ಲಿ ಅದು ಸರಿ, ಆದರೂ ಪಾಯಸದ ಹಾಲು, ಗೋಡಂಬಿ ಒಗ್ಗದವರನ್ನು ಕೇಳಲೇಬೇಕು. ಬುಧವಾರ ಬೆಳಿಗ್ಗೆಯೇ ಹೋಟೆಲಿಗೆ ಹೆಸರುಗಳನ್ನಲ್ಲ, ಬಗೆವಾರು ಸಂಖ್ಯೆಯನ್ನು ಮಾತ್ರ ಕಳಿಸಿ.