ಗಡಸು ನೀರಿನ ಊರಲ್ಲಿ ಮೈಗೆ ಯಾವ ಸೋಪು?

ತುರ್ವಿಹಾಳದ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತದೆ. ಆದರೆ ನಮ್ಮ ಬಚ್ಚಲಿಗೆ ಬರುವುದು ಬೋರಿನ ನೀರು. ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುತ್ತದೆ, ಬಕೆಟ್ಟಿನ ಅಂಚಿಗೆ ಬೂದು ಬಣ್ಣದ ಜಿಡ್ಡು ಅಂಟುತ್ತದೆ. ಸೋಪು ಆರಿಸುವಾಗ ಚರ್ಮದ ಜೊತೆಗೆ ನೀರನ್ನೂ ನೋಡಬೇಕು ಎಂಬುದನ್ನು ನನಗೆ ಕಲಿಸಿದವರು ಮನೆಯ ಇಬ್ಬರು. ಒಬ್ಬರು ಚಳಿಗಾಲ ಬಂದರೆ ಮೊಣಕಾಲಿನ ಕೆಳಗೆ ಚರ್ಮ ಬಿರಿದು ಕೆರೆದುಕೊಳ್ಳುವ ಅವ್ವ. ಇನ್ನೊಬ್ಬ ಮುಖ, ಬೆನ್ನಿನ ತುಂಬ ಮೊಡವೆ ಎದ್ದ ಹೈಸ್ಕೂಲು ಓದುವ ಮಗ. ಇಬ್ಬರೂ ಒಂದೇ ಸೋಪು ಹಚ್ಚುತ್ತಿದ್ದರು.

ಅವ್ವನ ಮಾತು ಒಂದೇ: "ಬುರುಗು ಬರ್ಲಿಲ್ಲಂದ್ರ ಮೈ ಸ್ವಚ್ಛ ಆದಂಗ ಅನಸಂಗಿಲ್ಲವ್ವ." ಬೋರಿನ ನೀರಲ್ಲಿ ನೊರೆ ಸುಲಭಕ್ಕೆ ಬರುವುದಿಲ್ಲವಾದ್ದರಿಂದ ಅವರು ಇನ್ನಷ್ಟು ತಿಕ್ಕುತ್ತಿದ್ದರು. ಸಾಬೂನೆಂದರೆ ಎಣ್ಣೆ, ಕೊಬ್ಬುಗಳಿಗೆ ಕಾಸ್ಟಿಕ್ ಸೋಡಾ ಸೇರಿಸಿ ಮಾಡಿದ ಲವಣ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಅದರೊಡನೆ ಸೇರಿದಾಗ ನೀರಲ್ಲಿ ಕರಗದ ಜಿಡ್ಡಾಗುತ್ತದೆ. ಬಕೆಟ್ಟಿಗೆ ಅಂಟುವ ಆ ಜಿಡ್ಡೇ ಮೈಗೂ ಅಂಟುತ್ತದೆ. ಅದನ್ನು ತೆಗೆಯಲು ಮತ್ತೆ ತಿಕ್ಕಿದರೆ ಚರ್ಮದ ಸ್ವಂತ ಎಣ್ಣೆಯೂ ತೊಳೆದು ಹೋಗುತ್ತದೆ. ಚಳಿಗಾಲದ ಒಣಗಾಳಿಗೆ ಅಂಥ ಚರ್ಮ ಬಿರಿಯುವುದು ಸಹಜ.

ಎರಡನೆಯ ಕಾರಣ ಕ್ಷಾರ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಅಂದರೆ ಸ್ವಲ್ಪ ಆಮ್ಲೀಯ. ಸಾಬೂನಿನದು 9ರಿಂದ 10. ಇದು ಅಗ್ಗದ ಸಾಬೂನಿನ ದೋಷವಲ್ಲ, ಸಾಬೂನಿನ ಗುಣವೇ ಅದು. ಉದಾಹರಣೆಗೆ, 1916ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಮೈಸೂರು ಸ್ಯಾಂಡಲ್ ಗ್ರೇಡ್ 1 ಸಾಬೂನು. ಗ್ರೇಡ್ 1 ಎನಿಸಿಕೊಳ್ಳಲು ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನ ಅಂಶ, ಶೇ. 76ಕ್ಕಿಂತ ಕಡಿಮೆ ಇರಬಾರದು. ಟಿಎಫ್‌ಎಂ ಹೆಚ್ಚಿದ್ದರೆ ಭರ್ತಿ ಪುಡಿ ಕಡಿಮೆ, ಬಿಲ್ಲೆ ಹೆಚ್ಚು ದಿನ ಬಾಳುತ್ತದೆ. ಆದರೆ ಕ್ಷಾರ ಹೋಗುವುದಿಲ್ಲ. ಒಣ ಚರ್ಮದವರು ಟಿಎಫ್‌ಎಂ ಒಂದನ್ನೇ ನೋಡಿ ಕೊಂಡರೆ ಸಾಲದು.

ಇದನ್ನು ಅವ್ವನಿಗೆ ತೋರಿಸಲು ನನಗೆ ನೆರವಾದದ್ದು ಅಡುಗೆಮನೆಯ ಅರಿಶಿನ. ಅರಿಶಿನ ಕಲಸಿದ ನೀರಲ್ಲಿ ಬಿಳಿ ಕಾಗದ ಅದ್ದಿ, ನೆರಳಲ್ಲಿ ಒಣಗಿಸಿ, ಪಟ್ಟಿಗಳಾಗಿ ಕತ್ತರಿಸಿದೆ. ಬೋರಿನ ನೀರೇ ಸ್ವಲ್ಪ ಕ್ಷಾರವಿರಬಹುದೆಂದು ಶುದ್ಧ ನೀರಿನ ಘಟಕದಿಂದ ತಂದ ನೀರು ಬಳಸಿದೆ. ಬರೀ ನೀರು ತಾಗಿಸಿದ ಪಟ್ಟಿ ಹಳದಿಯಾಗಿಯೇ ಉಳಿಯಿತು. ಒದ್ದೆ ಸಾಬೂನು ಒತ್ತಿದ ಪಟ್ಟಿ ಕುಂಕುಮದಂತೆ ಕೆಂಪಾಯಿತು. ಸಾಬೂನಲ್ಲದ ಸಿಂಡೆಟ್ ಬಾರು ಒತ್ತಿದ ಪಟ್ಟಿ ಹಳದಿ ಬಿಡಲಿಲ್ಲ. ಸೀರೆಯ ಅರಿಶಿನದ ಕಲೆ ಸಾಬೂನಿಗೆ ಕೆಂಪಾಗುವುದನ್ನು ಜೀವನವೆಲ್ಲ ಕಂಡಿದ್ದ ಅವ್ವನಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಈ ಪರೀಕ್ಷೆಗೆ ಒಂದು ಮಿತಿ ಇದೆ: ಕ್ಷಾರ ಇದೆಯೋ ಇಲ್ಲವೋ ಎಂದಷ್ಟೇ ಇದು ಹೇಳುತ್ತದೆ. ಪಿಎಚ್ 5.5ಕ್ಕೂ 7ಕ್ಕೂ ಇರುವ ವ್ಯತ್ಯಾಸ ಇದರಿಂದ ತಿಳಿಯದು.

ಸಿಂಡೆಟ್ ಎಂದರೆ ಬಿಲ್ಲೆಯ ಆಕಾರದಲ್ಲಿರುವ, ಸಾಬೂನಲ್ಲದ ಮಾರ್ಜಕ. ಗಡಸು ನೀರಿನಲ್ಲಿ ಅದು ಜಿಡ್ಡು ಕಟ್ಟುವುದಿಲ್ಲ, ಪಿಎಚ್ ಅನ್ನು ಚರ್ಮಕ್ಕೆ ಹತ್ತಿರ ಇಡಲು ಬರುತ್ತದೆ. ಆದರೆ ಅಂಗಡಿಯಲ್ಲಿ ಅದನ್ನು ಗುರುತಿಸುವುದು ಕಷ್ಟ. ಪೊಟ್ಟಣದ ಮೇಲೆ 'ಬಾತಿಂಗ್ ಬಾರ್' ಎಂದಿದ್ದರೆ ಒಳಗಿರುವುದು ಸಿಂಡೆಟ್ ಆಗಿರಬಹುದು, ಟಿಎಫ್‌ಎಂ ಕಡಿಮೆಯಾಗಿ ಭರ್ತಿ ಹೆಚ್ಚಾದ ಸಾಬೂನೂ ಆಗಿರಬಹುದು. ಹಾಗಾಗಿ ನಾನು ಹಿಂಬದಿಯ ಸಣ್ಣ ಅಕ್ಷರ ಓದುತ್ತೇನೆ. ಪದಾರ್ಥಗಳ ಪಟ್ಟಿಯ ಮೊದಲಲ್ಲೇ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್ ಇದ್ದರೆ ಅದು ಸಾಬೂನು. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಅಥವಾ ಸೋಡಿಯಂ ಲಾರಾಯಿಲ್ ಐಸೆಥಿಯೊನೇಟ್ ಇದ್ದರೆ ಸಿಂಡೆಟ್. ಎರಡೂ ಬೆರೆತ ಬಿಲ್ಲೆಗಳೂ ಇವೆ, ಅಲ್ಲಿ ಯಾವುದು ಮುಂದಿದೆ ಎಂದು ನೋಡಬೇಕು.

ಅವ್ವನಿಗೆ ಸಿಂಡೆಟ್ ಬಾರು ತಂದೆ. ಬೆಲೆ ಸಾಬೂನಿಗಿಂತ ಹೆಚ್ಚು, ನೀರಲ್ಲಿ ಬಿಟ್ಟರೆ ಬೇಗ ಮೆತ್ತಗಾಗುತ್ತದೆ. ಅದಕ್ಕೆ ತೂತಿನ ಡಬ್ಬಿಯಲ್ಲಿ ಒಣಗಲು ಇಡುತ್ತೇವೆ. ಇಡೀ ಮೈಗೆ ಅದನ್ನೇ ಹಚ್ಚುವ ಅಗತ್ಯವೂ ಇಲ್ಲ. ಕಂಕುಳು, ತೊಡೆಸಂದು, ಪಾದಕ್ಕೆ ಹಚ್ಚಿ, ಕೈಕಾಲಿಗೆ ತೆಳ್ಳಗೆ ಸವರಿದರೆ ಸಾಕು. ನೀರು ಕುದಿಬಿಸಿ ಇರಬಾರದು. ಮೈ ಒರೆಸಿದ ಕೂಡಲೇ, ತೇವ ಇರುವಾಗಲೇ, ಕಾಲಿಗೆ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬೇಕು. ಬದಲಾವಣೆ ತಿಳಿಯಲು ಒಂದು ಗುರುತಿದೆ: ಒಣಗಿದ ಕಾಲನ್ನು ಉಗುರಿನಿಂದ ಮೆಲ್ಲಗೆ ಗೀರಿದರೆ ಬಿಳಿ ಗೆರೆ ಏಳುತ್ತದೆ. ಅವ್ವನ ಕಾಲಿನ ಮೇಲೆ ಆ ಗೆರೆ ಕ್ರಮೇಣ ಮಸುಕಾಯಿತು, ರಾತ್ರಿಯ ಕೆರೆತವೂ ಇಳಿಯಿತು.

ಮಗನ ಲೆಕ್ಕ ಬೇರೆ. ಎಣ್ಣೆ ಚರ್ಮಕ್ಕೆ ಖಾರವಾದ ಸೋಪು ಬೇಕೆಂದು ಅವನು ದಿನಕ್ಕೆ ಹಲವು ಸಲ ಮುಖ ತೊಳೆಯುತ್ತಿದ್ದ. ಎಣ್ಣೆ ಬರುವುದು ಚರ್ಮದೊಳಗಿನ ಗ್ರಂಥಿಯಿಂದ. ಎಷ್ಟು ತೊಳೆದರೂ ಗ್ರಂಥಿಯ ಕೆಲಸ ನಿಲ್ಲದು, ಮೇಲಿನ ಪದರ ಉರಿಯುತ್ತದೆ ಅಷ್ಟೆ. ಮುಖಕ್ಕೆ ಅವನೂ ಸಿಂಡೆಟ್ಟನ್ನೇ ಹಿಡಿದ, ದಿನಕ್ಕೆ ಎರಡು ಸಲ ಮಾತ್ರ. ಬೆನ್ನಿಗೆ ಬಿಲ್ಲೆ ತಿಕ್ಕಲು ಕೈ ಮುಟ್ಟುವುದಿಲ್ಲ. ಅಲ್ಲಿ ಬಾಡಿ ವಾಶ್ ಅನುಕೂಲವಾಯಿತು, ಒದ್ದೆ ಬಟ್ಟೆಗೆ ಹಾಕಿ ಸವರಬಹುದು. ಸ್ಯಾಲಿಸಿಲಿಕ್ ಆಮ್ಲ ಇರುವುದನ್ನು ಆರಿಸಿ, ಒಂದೆರಡು ನಿಮಿಷ ಬಿಟ್ಟು ತೊಳೆಯಲು ಹೇಳಿದೆ. ಉರಿದರೆ ದಿನ ಬಿಟ್ಟು ದಿನ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಹಣೆಗೆ, ಬೆನ್ನಿಗೆ ಇಳಿಯದಂತೆ ನೋಡಿಕೊಂಡದ್ದೂ ಅಷ್ಟೇ ಮುಖ್ಯವಾಯಿತು.

ಬಾಡಿ ವಾಶ್ ದ್ರವ ಎಂಬ ಕಾರಣಕ್ಕೆ ಸೌಮ್ಯ ಎಂದು ನಂಬಬಾರದು. ಪಟ್ಟಿಯಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಜೊತೆ ಲಾರಿಕ್ ಆಸಿಡ್, ಮಿರಿಸ್ಟಿಕ್ ಆಸಿಡ್ ಮೊದಲ ಸಾಲಲ್ಲೇ ಇದ್ದರೆ ಅದು ಬಾಟಲಿಗೆ ತುಂಬಿದ ಸಾಬೂನು, ಅರಿಶಿನದ ಪಟ್ಟಿಯೂ ಅದಕ್ಕೆ ಕೆಂಪಾಗುತ್ತದೆ. ಕೈಗೆ ಸುರಿದಷ್ಟೂ ಖರ್ಚಾಗುವುದರಿಂದ ಇಡೀ ಮನೆಗೆ ಅದು ದುಬಾರಿಯೂ ಹೌದು.

ಸೋಪು ಬದಲಿಸಿ ಗುಣವಾಗದ ಕೆರೆತವೂ ಇದೆ. ರಾತ್ರಿ ಹೆಚ್ಚಾಗುವ ತುರಿಕೆ ಮನೆಯಲ್ಲಿ ಇಬ್ಬರು ಮೂವರಿಗೆ ಬಂದರೆ ಅದು ಕಜ್ಜಿ ಇರಬಹುದು. ಅಂಚು ಕೆಂಪಾದ ದುಂಡನೆಯ ಮಚ್ಚೆ ಗಜಕರ್ಣ ಇರಬಹುದು. ಬಿರುಕಲ್ಲಿ ರಕ್ತ, ಕೀವು ಕಂಡರೆ, ಮೊಡವೆ ಗಂಟಾಗಿ ಗುರುತು ಬಿಡುತ್ತಿದ್ದರೆ ಚರ್ಮದ ವೈದ್ಯರ ಬಳಿಗೇ ಹೋಗಬೇಕು.

ನನ್ನ ತೀರ್ಮಾನ ಇಷ್ಟು. ಗಡಸು ನೀರು, ಒಣ ಚರ್ಮ ಎರಡೂ ಇದ್ದವರು ಸಿಂಡೆಟ್ ಬಾರಿಗೆ ಹಣ ಹಾಕಿ. ಎಣ್ಣೆ ಚರ್ಮದವರು ಮುಖಕ್ಕೆ ಸಿಂಡೆಟ್, ಬೆನ್ನಿಗೆ ಸಾಬೂನಲ್ಲದ ಬಾಡಿ ವಾಶ್ ಇಟ್ಟುಕೊಳ್ಳಿ. ಮೈ ಬಿರಿಯದ, ಕೆರೆಯದ ಚರ್ಮದವರಿಗೆ ಗ್ರೇಡ್ 1 ಸಾಬೂನು ಸಾಕು, ಹೆಚ್ಚು ಬೆಲೆಯದು ಬೇಕಿಲ್ಲ.