ನೊರೆ ಗಟ್ಟಿಯಿದ್ದರೆ ನಿರಿಗೆ ತಾನಾಗಿ ಬರುತ್ತದೆ

ಮಗಳೇ, ಮ್ಯಾಕರಾನ್ ಒಡೆದಾಗ ನೀನು ಮೊದಲು ಬೈಯುವುದು ಓವನ್ನಿಗೆ, ಆಮೇಲೆ ಮಡಿಕೇರಿಯ ಮಳೆಗೆ. ಅವೆರಡೂ ಸಾಚಾ ಎಂದು ನಾನೇನೂ ಹೇಳುವುದಿಲ್ಲ. ಆದರೆ ಹೆಚ್ಚಿನ ಸಲ ಕೆಲಸ ಕೆಟ್ಟಿರುವುದು ಅದಕ್ಕೂ ಮುಂಚೆ, ಬೀಟರ್ ನಿನ್ನ ಕೈಯಲ್ಲಿದ್ದಾಗಲೇ. ನಿನ್ನ ಕೈಗೆ ಹದವಿದೆ, ನಾಲಿಗೆಗೆ ರುಚಿ ಗೊತ್ತಿದೆ. ತಾಳ್ಮೆ ಮಾತ್ರ ಇನ್ನೂ ಅಂಗಡಿಯಿಂದ ಬಂದ ಹಾಗಿಲ್ಲ.

ತೂತುಕುಡಿಯ ಮಕರೂನ್ ತಿಂದಿದ್ದೀಯಲ್ಲ, ಗೋಡಂಬಿಯದ್ದು? ಅದೂ ಮೊಟ್ಟೆಯ ಬಿಳಿ, ಸಕ್ಕರೆಗಳ ನೊರೆಯೇ. ಅಲ್ಲಿ ಕಟ್ಟಿದ ನೊರೆಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳುತ್ತಾರೆ, ಅದಕ್ಕೇ ಅದರ ತುದಿ ಚೂಪಾಗಿ ನಿಂತಿರುತ್ತದೆ. ಈ ಫ್ರೆಂಚರ ತಿಂಡಿಯಲ್ಲಿ ಹಾಗಲ್ಲ. ಕಟ್ಟಿದ ನೊರೆಯನ್ನು ನಾವೇ ಬೇಕೆಂದು ಒಂದಿಷ್ಟು ಮುರಿಯಬೇಕು, ತುದಿ ಕರಗಿ ಮೇಲ್ಮೈ ನುಣುಪಾಗುವಷ್ಟು. ಮುರಿಯಲಿಕ್ಕಿದೆ ಎಂದೇ ಅದು ಗಟ್ಟಿಯಾಗಿರಬೇಕು. ಮೊದಲೇ ಬಡಕಲಾಗಿರುವುದನ್ನು ಮುರಿದರೆ ಉಳಿಯುವುದೇನು?

ಅಳತೆ ಹೇಳುತ್ತೇನೆ. ಬಿಳಿ 100 ಗ್ರಾಂ, ಅಂದರೆ ನಮ್ಮಲ್ಲಿ ಸಿಗುವ ಮೂರು ಮೊಟ್ಟೆಯದ್ದು, ಸಾಲದಿದ್ದರೆ ನಾಲ್ಕನೆಯದರಿಂದ ಸ್ವಲ್ಪ. ಸಾಮಾನ್ಯ ಸಕ್ಕರೆ 100, ಬಾದಾಮಿ ಹುಡಿ 125, ಐಸಿಂಗ್ ಸಕ್ಕರೆ 125. ತೂಕ ಮಾಡು, ಲೋಟದಲ್ಲಿ ಅಳೆಯಬೇಡ. ಬಿಳಿಯಲ್ಲಿ ಹಳದಿಯ ಒಂದು ಚುಕ್ಕೆಯೂ ಇರಬಾರದು. ಪಾತ್ರೆಯಲ್ಲಿ ಎಣ್ಣೆಯ ಪಸೆ ಇದ್ದರೂ ನೊರೆ ಏಳುವುದಿಲ್ಲ. ಪ್ಲಾಸ್ಟಿಕ್ ಬಟ್ಟಲು ಬಿಡು, ಅದರ ಜಿಡ್ಡು ಪೂರ್ತಿ ಹೋಗುವುದೇ ಇಲ್ಲ. ಸ್ಟೀಲ್ ಪಾತ್ರೆಯ ಒಳಮೈಯನ್ನು ನಿಂಬೆಹೋಳಿನಿಂದ ಒರೆಸಿ ತೆಗೆದುಕೋ.

ಇನ್ನು ಬಡಿಯುವ ವಿಷಯ. ನೀನು ಬೀಟರನ್ನು ಹಚ್ಚಿದ್ದೇ ತಡ, ಕೊನೆಯ ಗೇರಿಗೆ ಹಾಕುತ್ತೀ. ಮೂರು ನಿಮಿಷದಲ್ಲಿ ನೊರೆ ಬೆಟ್ಟದಷ್ಟು ಎದ್ದಾಗ ಗೆದ್ದೆ ಅಂದುಕೊಳ್ಳುತ್ತೀ. ಆ ನೊರೆಯ ಗುಳ್ಳೆಗಳು ದೊಡ್ಡವು, ಒಂದು ಹಿರಿದು ಒಂದು ಕಿರಿದು. ದೊಡ್ಡ ಗುಳ್ಳೆ ಸಣ್ಣದನ್ನು ನುಂಗಿ ಇನ್ನೂ ದೊಡ್ಡದಾಗಿ ಒಡೆಯುತ್ತದೆ. ಎತ್ತರ ಬೇರೆ, ಬಲ ಬೇರೆ. ಬಡಿದಾಗ ಬಿಳಿಯಲ್ಲಿರುವ ಪ್ರೋಟೀನಿನ ಸುರುಳಿ ಬಿಚ್ಚಿ, ಒಂದನ್ನೊಂದು ಹಿಡಿದು, ಪ್ರತಿ ಗುಳ್ಳೆಯ ಸುತ್ತ ಪೊರೆ ಕಟ್ಟುತ್ತದೆ. ಸಕ್ಕರೆ ಬಿದ್ದರೆ ಈ ಕೆಲಸ ನಿಧಾನವಾಗುತ್ತದೆ. ಆದರೆ ಬಿಳಿಯಲ್ಲಿನ ನೀರು ಪಾಕದಂತೆ ದಪ್ಪವಾಗಿ ಬೇಗ ಇಳಿದುಹೋಗುವುದಿಲ್ಲ, ಪೊರೆ ಒಣಗಿ ಹರಿಯುವುದಿಲ್ಲ. ಹಾಗಾಗಿ ಮೊದಲು ನಿಧಾನವಾಗಿ ಬಡಿದು ಬುರುಗು ಬರಿಸು. ಬೀಟರಿನ ಗೆರೆ ಮೂಡಲು ತೊಡಗಿದಾಗ ಸಕ್ಕರೆಯನ್ನು ಮೂರು ಸಲವಾಗಿ ಹಾಕು, ನಡುವೆ ಒಂದು ನಿಮಿಷ ಬಿಡು. ಆಮೇಲೆ ಮಧ್ಯದ ವೇಗದಲ್ಲೇ ಎಂಟು-ಹತ್ತು ನಿಮಿಷ. ಬೇಸರವಾದರೆ ಹಾಡು ಕೇಳು, ಗೇರು ಮುಟ್ಟಬೇಡ. ಚಿಟಿಕೆ ಉಪ್ಪು ಹಾಕುವವರಿದ್ದಾರೆ. ಅದು ನೊರೆಗೆ ಸಹಾಯವಲ್ಲ, ತೊಂದರೆ. ಹಾಕಲೇಬೇಕೆಂದಿದ್ದರೆ ಕಾಲು ಚಮಚ ನಿಂಬೆರಸ ಹಾಕು, ಅತಿಯಾಗಿ ಬಡಿದು ಕೆಡುವುದನ್ನು ಅದು ಸ್ವಲ್ಪ ತಡೆಯುತ್ತದೆ.

ಆಯಿತೋ ಇಲ್ಲವೋ ತಿಳಿಯುವುದು ಹೇಗೆ? ಬೀಟರ್ ಎತ್ತಿದರೆ ತುದಿ ನೆಟ್ಟಗೆ ನಿಲ್ಲಬೇಕು, ಹೊಳಪೂ ಇರಬೇಕು. ಬೆರಳುಗಳ ನಡುವೆ ತಿಕ್ಕಿದರೆ ಸಕ್ಕರೆಯ ಹರಳು ಸಿಗಬಾರದು. ತುದಿ ಕೊಕ್ಕೆಯಂತೆ ಬಗ್ಗಿದರೆ ಇನ್ನೂ ಆಗಿಲ್ಲ. ಹೊಳಪು ಹೋಗಿ, ಅಂಚು ಹರಿದು, ಹತ್ತಿಯ ತುಂಡುಗಳ ಹಾಗೆ ಕಂಡು, ತಳದಲ್ಲಿ ನೀರು ನಿಂತರೆ ಮೀರಿತು. ಅದಕ್ಕೆ ಮದ್ದಿಲ್ಲ.

ಬಾದಾಮಿ, ಐಸಿಂಗ್ ಸಕ್ಕರೆಗಳನ್ನು ಜರಡಿ ಹಿಡಿದು ಹಾಕಿ, ಸ್ಪ್ಯಾಚುಲಾದಿಂದ ಪಾತ್ರೆಯ ಬದಿಗೆ ಒತ್ತಿ ಒತ್ತಿ ಮಡಿಚು. ಹಿಟ್ಟು ಎತ್ತಿದರೆ ಕಡಿಯದೆ ಪಟ್ಟಿಯಾಗಿ ಇಳಿಯಬೇಕು, ಇಳಿದ ಗೆರೆ ಹದಿನೈದು-ಇಪ್ಪತ್ತು ಸೆಕೆಂಡಿನಲ್ಲಿ ಹಿಟ್ಟಿನಲ್ಲಿ ಬೆರೆತು ಕಾಣದಾಗಬೇಕು. ಅಲ್ಲಿಗೆ ನಿಲ್ಲಿಸು. ಇನ್ನೂ ನಾಲ್ಕು ಸಲ ಮಡಿಚೋಣ ಅನ್ನುವ ಆಸೆಯಿದೆಯಲ್ಲ, ಅದೇ ಬಾದಾಮಿಯ ಎಣ್ಣೆಯನ್ನು ಹೊರಗೆಳೆದು ನೊರೆಯನ್ನು ಕೊಲ್ಲುತ್ತದೆ.

ಈಗ ನೀನು ಕಳೆದ ವಾರ ತಂದ ತಟ್ಟೆಯನ್ನು ನೋಡೋಣ. ಮೊದಲ ಸಾಲು ಚೆಂದ, ದುಂಡಗೆ. ಕೊನೆಯ ಸಾಲು ಚಪ್ಪಟೆ, ಒಂದಕ್ಕೊಂದು ಅಂಟಿಕೊಂಡಿತ್ತು, ನಿರಿಗೆಯ ಸುಳಿವಿಲ್ಲ. ಓವನ್ ಒಂದೇ, ತಟ್ಟೆ ಒಂದೇ, ಮಳೆಯೂ ಒಂದೇ. ಬದಲಾದದ್ದು ಪೈಪಿಂಗ್ ಬ್ಯಾಗಿನೊಳಗಿನ ಹಿಟ್ಟು. ನಿನ್ನ ಅಂಗೈ ಹಿಸುಕಿ ಹಿಸುಕಿ, ಕೊನೆಗೆ ಉಳಿದ ಹಿಟ್ಟಿನ ನೊರೆ ಒಡೆದುಹೋಗಿತ್ತು. ಗಟ್ಟಿ ನೊರೆಯಾಗಿದ್ದರೆ ಅಷ್ಟು ಹಿಸುಕು ತಡೆದುಕೊಳ್ಳುತ್ತಿತ್ತು. ಅದು ನಿನ್ನ ಮೂರು ನಿಮಿಷದ ನೊರೆ, ಅಷ್ಟೇ.

ನಿರಿಗೆ ಬರುವ ಬಗೆ ತಿಳಿದರೆ ನೀನೇ ಒಪ್ಪುತ್ತೀ. ಕೊಡವ ಸೀರೆಯ ನಿರಿಗೆ ಬೆನ್ನ ಹಿಂದೆ ಬಂದರೆ ಇದರ ನಿರಿಗೆ ಬುಡದ ಸುತ್ತ ಬರುತ್ತದೆ. ಒಣಗಲು ಬಿಟ್ಟಾಗ ಮೇಲೆ ತೆಳ್ಳನೆಯ ಸಿಪ್ಪೆ ಕಟ್ಟುತ್ತದೆ. ಓವನ್ನಿನಲ್ಲಿ ಗುಳ್ಳೆಯ ಗಾಳಿ ಹಿಗ್ಗಿ, ನೀರು ಆವಿಯಾಗಿ ಮೇಲಕ್ಕೆ ತಳ್ಳುತ್ತದೆ. ಸಿಪ್ಪೆ ಹರಿಯದೆ ಇಡಿಯಾಗಿ ಏಳುತ್ತದೆ, ಒಳಗಿನ ಹಿಟ್ಟು ಬುಡದಿಂದ ಹೊರಬಂದು ಅಲ್ಲೇ ಬೇಯುತ್ತದೆ. ಗುಳ್ಳೆಗಳೆಲ್ಲ ಸಣ್ಣವಾಗಿ ಒಂದೇ ಸಮ ಇದ್ದರೆ ನಿರಿಗೆಯೂ ಸಮ. ಗುಳ್ಳೆ ದೊಡ್ಡವಾದರೆ ಮೇಲಕ್ಕೇರಿ ಸಿಪ್ಪೆಯನ್ನು ಸೀಳುತ್ತವೆ. ಅತಿ ಬಡಿದ ನೊರೆಯಾದರೆ ಹೊರಗೆ ಚೆಂದ, ಕಚ್ಚಿದರೆ ಒಳಗೆ ಪೊಳ್ಳು. ಪೊಳ್ಳಿಗೆ ಬೇಯದೆ ತೆಗೆದದ್ದೂ ಕಾರಣವಾಗಬಹುದು, ಅದನ್ನೂ ನೋಡಿಕೋ. 150 ಡಿಗ್ರಿಯಲ್ಲಿ ಹದಿನಾಲ್ಕು-ಹದಿನಾರು ನಿಮಿಷವಾದ ಮೇಲೆ ತಲೆಯನ್ನು ಮೆಲ್ಲಗೆ ಅಲುಗಿಸು, ಬುಡದ ಮೇಲೆ ಜಾರಿದರೆ ಇನ್ನೂ ಬೇಯಬೇಕು.

ಮಳೆಯ ಪಾಲು ಇಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಅರ್ಧ-ಮುಕ್ಕಾಲು ಗಂಟೆಯಲ್ಲಿ ಬೆರಳಿಗೆ ಅಂಟದಷ್ಟು ಒಣಗುವ ಸಿಪ್ಪೆ ಕಕ್ಕಡದಲ್ಲಿ ಎರಡು ಗಂಟೆ ಕಾದರೂ ಅಂಟುತ್ತಲೇ ಇರುತ್ತದೆ. ಕಾಯುತ್ತ ಕೂತರೆ ಅಷ್ಟರಲ್ಲಿ ನೊರೆ ಬಸವಳಿಯುತ್ತದೆ. ಪಕ್ಕದ ಒಲೆಯಲ್ಲಿ ಕಡಂಬುಟ್ಟು ಬೇಯುತ್ತಿದ್ದರಂತೂ ಕೇಳಲೇಬೇಡ, ಆ ಹಬೆಯೆಲ್ಲ ನಿನ್ನ ತಟ್ಟೆಯ ಮೇಲೇ. ಆ ದಿನಗಳಲ್ಲಿ ಇಟಾಲಿಯನ್ ಕ್ರಮ ಹಿಡಿ: ಸಕ್ಕರೆಗೆ ನೀರು ಹಾಕಿ ಪಾಕ ಕಾಯಿಸಿ, ಬಡಿಯುತ್ತಿರುವ ಬಿಳಿಗೆ ಸಣ್ಣ ಧಾರೆಯಾಗಿ ಸುರಿಯುವುದು. ಬಿಸಿ ಪಾಕ ಪೊರೆಯನ್ನು ಅರೆಬೇಯಿಸಿ ನಿಲ್ಲಿಸುತ್ತದೆ, ಹೊತ್ತಾದರೂ ಬೇಗ ಕುಸಿಯುವುದಿಲ್ಲ.

ಪುಸ್ತಕದಲ್ಲಿ ಪಾಕಕ್ಕೆ 118 ಡಿಗ್ರಿ ಎಂದು ಬರೆದಿರುತ್ತದೆ. ಅದು ಸಮುದ್ರಮಟ್ಟದವರ ಲೆಕ್ಕ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 96ರ ಆಸುಪಾಸಿನಲ್ಲಿ. ಆದ್ದರಿಂದ ನಿನ್ನ ಪಾಕ 114ಕ್ಕೇ ಹದಕ್ಕೆ ಬಂದಿರುತ್ತದೆ. 118ರವರೆಗೆ ಕಾದರೆ ಗಟ್ಟಿಯಾಗಿ ಪಾತ್ರೆಯ ಬದಿಗೇ ಎಳೆಯೆಳೆಯಾಗಿ ಅಂಟುತ್ತದೆ. ನಂಬಿಕೆ ಬರದಿದ್ದರೆ ಥರ್ಮಾಮೀಟರನ್ನು ಕುದಿಯುವ ನೀರಿಗೆ ಅದ್ದು. ನೂರಕ್ಕೆ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆ. ಗಾಳಿಯ ಒತ್ತಡವೂ ಇಲ್ಲಿ ಕಡಿಮೆ, ಗುಳ್ಳೆ ಕೆಳಗಿನವರದ್ದಕ್ಕಿಂತ ಹೆಚ್ಚು ಹಿಗ್ಗುತ್ತದೆ. ಅದಕ್ಕೇ ತುದಿ ನೆಟ್ಟಗೆ ನಿಂತಿತೋ, ಬೀಟರ್ ಆರಿಸು. ಇನ್ನೂ ಒಂದು ಸುತ್ತು ಬೇಡ.

ಉಳಿದ ಹಳದಿ ಚೆಲ್ಲಬೇಡ. ನಿಂಬೆರಸ, ಸಕ್ಕರೆ, ಬೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಬಿಡದೆ ತಿರುವು, ಎರಡು ಚಿಪ್ಪುಗಳ ನಡುವಿನ ಹೂರಣಕ್ಕೆ ಅದೇ ಸಾಕು.