ಕೋರ್ ಸ್ವಿಚ್ ಬದಲಿಸುವ ಮುನ್ನ ಮರಳುವ ದಾರಿ ನೋಡಿಕೊಳ್ಳಿ

ರಾತ್ರಿ 11ರಿಂದ 4ರವರೆಗೆ ಅನುಮತಿ ಸಿಕ್ಕಿತೆಂದು ಐದು ಗಂಟೆಯೂ ನಿಮ್ಮದೇ ಎಂದುಕೊಳ್ಳಬೇಡಿ. ಕಾರ್ಖಾನೆಯ ಪಕ್ಕದಲ್ಲೇ ಹೆಡ್ ಆಫೀಸ್ ಇದ್ದರೆ, 6ಕ್ಕೆ ಮೊದಲ ಪಾಳಿಯವರು ಹಾಜರಿ ಯಂತ್ರದ ಮುಂದೆ ನಿಂತಿರುತ್ತಾರೆ, ಗೇಟಿನಲ್ಲಿ ಲಾರಿ ತೂಕಕ್ಕೆ ಕಾದಿರುತ್ತದೆ. ಹಳೆಯ ಸ್ವಿಚ್‌ಗೆ ಮರಳಬೇಕಾದರೆ ಕೇಬಲ್ ಬದಲಿಸಲು 40 ನಿಮಿಷ, ಬೂಟ್ ಆಗಲು 10, ಪರೀಕ್ಷೆಗೆ 40 ಎಂದಿಟ್ಟುಕೊಳ್ಳಿ. ಅಂದರೆ ನಿಮ್ಮ ಗಡುವು 2:30. ಅದನ್ನು ಕಾಗದದ ಮೇಲೆ ಬರೆದು, ನಿರ್ಧಾರ ಯಾರದ್ದೆಂದು ಅವರ ಹೆಸರನ್ನೂ ಬರೆಯಿರಿ. "ಇನ್ನು ಹತ್ತೇ ನಿಮಿಷ" ಅನ್ನುವ ಚಾಳಿ ನಿಮ್ಮಲ್ಲಿದೆ, ನನಗೆ ಗೊತ್ತು. ಆತುರಗಾರನಿಗೆ ಬುದ್ಧಿ ಮಟ್ಟ.

ಹೊಸ ಸ್ವಿಚ್ಚನ್ನು ಒಂದು ವಾರ ಮೊದಲೇ ಆನ್ ಮಾಡಿ, ಫರ್ಮ್‌ವೇರ್, ಕಾನ್ಫಿಗರೇಷನ್ ಹಾಕಿಡಿ. ಫೈಬರ್ ಮಾಡ್ಯೂಲ್‌ಗಳು ಅದರಲ್ಲಿ ಕೆಲಸ ಮಾಡುತ್ತವೆಯೇ ಎಂದು ಆಗಲೇ ನೋಡಿ. ಪ್ರತಿ ಕೇಬಲ್‌ನ ಎರಡೂ ತುದಿಗೆ ಲೇಬಲ್ ಅಂಟಿಸಿ ಫೋಟೊ ತೆಗೆಯಿರಿ. ಹಳೆಯ ಸ್ವಿಚ್‌ನ ಸ್ಥಿತಿಯನ್ನೂ ದಾಖಲಿಸಿಕೊಳ್ಳಿ:

```
show running-config
show interfaces status
show mac address-table
show ip arp
show spanning-tree root
```

ಇದನ್ನು ಒಮ್ಮೆ ಹಗಲಿನಲ್ಲಿ, ಮತ್ತೊಮ್ಮೆ ರಾತ್ರಿ ಕೆಲಸ ಶುರುವಾಗುವ ಮುನ್ನ ತೆಗೆಯಿರಿ. ಸುಮ್ಮನಿರುವ ಯಂತ್ರದ ಮ್ಯಾಕ್ ವಿಳಾಸ ಸಾಮಾನ್ಯವಾಗಿ 5 ನಿಮಿಷದಲ್ಲಿ ಪಟ್ಟಿಯಿಂದ ಅಳಿಸಿಹೋಗುತ್ತದೆ. ಹಗಲಿನ ಪಟ್ಟಿಯೊಂದೇ ಇದ್ದರೆ, ಆರಿಸಿಟ್ಟ ಪ್ರಿಂಟರನ್ನು ರಾತ್ರಿಯಿಡೀ ಹುಡುಕುತ್ತಾ ಕೂರುತ್ತೀರಿ.

ಕೆಲಸವನ್ನು ಸರ್ವರ್ ರೂಮಿನಲ್ಲೇ ನಿಂತು, ಕನ್ಸೋಲ್ ಕೇಬಲ್ ಹಾಕಿಕೊಂಡು ಮಾಡಿ. ಮನೆಯಿಂದ ವಿಪಿಎನ್‌ನಲ್ಲಿ ಬಂದರೆ ಆ ದಾರಿಯೂ ಇದೇ ಸ್ವಿಚ್ ಮೂಲಕವೇ. ಕೂತ ಕೊಂಬೆಯನ್ನೇ ಕಡಿದಂತಾದೀತು. ಹಳೆಯದು, ಹೊಸದು ಎರಡಕ್ಕೂ ಗೇಟ್‌ವೇ ವಿಳಾಸ ಒಂದೇ ಆದ್ದರಿಂದ ಎರಡನ್ನೂ ಒಟ್ಟಿಗೆ ನೆಟ್‌ವರ್ಕ್‌ಗೆ ಸೇರಿಸಬೇಡಿ. ಹಳೆಯದನ್ನು ಆರಿಸಿ, ರ‍್ಯಾಕ್‌ನಲ್ಲೇ ಬಿಡಿ. ಅದರ ಕಾನ್ಫಿಗರೇಷನ್ ಅಳಿಸಬೇಡಿ.

ಮುಗಿದ ಮೇಲೆ ಅದೇ ಆದೇಶಗಳನ್ನು ಕೊಟ್ಟು ರಾತ್ರಿಯ ಪಟ್ಟಿಯ ಜೊತೆ ಹೋಲಿಸಿ. ಎಲ್ಲ ಪೋರ್ಟ್ ಹಸಿರಾಗಿದ್ದರೂ ತೂಕದ ಸೇತುವೆಯ ಕಂಪ್ಯೂಟರ್ ಸರ್ವರನ್ನು ಮುಟ್ಟದಿದ್ದರೆ ಗಾಬರಿ ಬೇಡ. ಗೇಟ್‌ವೇಯ ಐಪಿ ಅದೇ ಇದ್ದರೂ ಮ್ಯಾಕ್ ವಿಳಾಸ ಬದಲಾಗಿರುತ್ತದೆ. ಹಳೆಯದನ್ನೇ ನೆನಪಿಟ್ಟುಕೊಂಡ ಯಂತ್ರವನ್ನು ರೀಸ್ಟಾರ್ಟ್ ಮಾಡಿ, ಫೈರ್‌ವಾಲ್‌ನಲ್ಲಿ ಎಆರ್‌ಪಿ ಪಟ್ಟಿ ತೆರವು ಮಾಡಿ. ಇಆರ್‌ಪಿ, ಫೋನ್, ಹಾಜರಿ ಯಂತ್ರಗಳನ್ನು ಬಳಸುವವರ ಕೈಯಲ್ಲೇ ಪರೀಕ್ಷೆ ಮಾಡಿಸಿ.

2:30ಕ್ಕೂ ಇಆರ್‌ಪಿ ತೆರೆಯದಿದ್ದರೆ ಕಾರಣ ಹುಡುಕುವುದನ್ನು ಅಲ್ಲಿಗೇ ನಿಲ್ಲಿಸಿ. ಹೊಸ ಸ್ವಿಚ್‌ನ ಲಾಗ್ ಉಳಿಸಿಕೊಂಡು ಆರಿಸಿ. ಲೇಬಲ್ ನೋಡಿ ಕೇಬಲ್‌ಗಳನ್ನು ಹಳೆಯದಕ್ಕೆ ಹಾಕಿ, ಆನ್ ಮಾಡಿ, ಅದೇ ಪಟ್ಟಿಯಿಂದ ಪರೀಕ್ಷಿಸಿ. ಎಆರ್‌ಪಿ ತೆರವನ್ನು ಈಗಲೂ ಮರೆಯಬೇಡಿ. ಮರಳಿದ ವಿಷಯವನ್ನು ಪಾಳಿ ಮೇಲ್ವಿಚಾರಕರಿಗೆ 4ರೊಳಗೆ ತಿಳಿಸಿ. ಉಳಿಸಿಟ್ಟ ಲಾಗನ್ನು ನಿದ್ದೆ ಮಾಡಿ ಎದ್ದಮೇಲೆ ಓದಿ, ಕಾರಣ ಗೊತ್ತಾದ ಬಳಿಕವೇ ಮುಂದಿನ ರಾತ್ರಿಗೆ ಅನುಮತಿ ಕೇಳಿ.